ತಿರುವನ್ನು ಚೂಪಾಗಿಸುವ ಫಿಶರ್ ಗೆರೆ: ತುದಿ ಹುಟ್ಟುವುದೆಲ್ಲಿ?

ಷೇರು ಬೆಲೆಯ ಚಾರ್ಟ್ ತೋರಿಸುವ ಹೆಚ್ಚಿನ ಆ್ಯಪ್‌ಗಳ ಇಂಡಿಕೇಟರ್ ಪಟ್ಟಿಯಲ್ಲಿ ‘ಫಿಶರ್ ಟ್ರಾನ್ಸ್‌ಫಾರ್ಮ್’ ಎಂಬ ಹೆಸರು ಸಿಗುತ್ತದೆ. ಅದನ್ನು ಒತ್ತಿದರೆ ಬೆಲೆಯ ಕೆಳಗೆ ಎರಡು ಗೆರೆಗಳು ಮೂಡುತ್ತವೆ. ಒಂದು ಫಿಶರ್ ಗೆರೆ. ಇನ್ನೊಂದು ಅದೇ ಗೆರೆಯ ನಿನ್ನೆಯ ಮೌಲ್ಯ; ಇದನ್ನು ಟ್ರಿಗರ್ ಎನ್ನುತ್ತಾರೆ. ಫಿಶರ್ ಟ್ರಿಗರನ್ನು ಕೆಳಗಿನಿಂದ ದಾಟಿದರೆ ಖರೀದಿಯ ಸೂಚನೆ, ಮೇಲಿನಿಂದ ದಾಟಿದರೆ ಮಾರಾಟದ ಸೂಚನೆ ಎಂಬುದು ರೂಢಿ. ಬೇರೆ ಇಂಡಿಕೇಟರ್‌ಗಳಲ್ಲಿ ತಿರುವು ದುಂಡಗೆ ಬಾಗುತ್ತದೆ, ತಿರುಗಿದ್ದು ಹೌದೋ ಅಲ್ಲವೋ ಎಂದು ಎರಡು ದಿನ ಕಾಯಬೇಕಾಗುತ್ತದೆ. ಫಿಶರ್ ಗೆರೆಯಲ್ಲಿ ತಿರುವು ಮುಳ್ಳಿನ ತುದಿಯ ಹಾಗೆ ಎದ್ದು ಕಾಣುತ್ತದೆ. ಇದನ್ನು ಮೆಚ್ಚುವವರು ಮೆಚ್ಚುವುದೇ ಆ ತುದಿಗಾಗಿ.

ಆ ತುದಿ ಎಲ್ಲಿಂದ ಬಂತು ಎಂದು ತಿಳಿಯದೆ ಅದರ ಮೇಲೆ ಹಣ ಹೂಡುವುದು ಸರಿಯಲ್ಲ. ಸೂತ್ರದಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ಲಾಗರಿದಮ್. ಆದರೆ ತಿರುವು ಯಾವ ದಿನ ಕಾಣಬೇಕು, ಎಷ್ಟು ಆಳದಲ್ಲಿ ಕಾಣಬೇಕು ಎಂಬುದು ಬಹುಪಾಲು ಲಾಗರಿದಮ್ಮಿಗೂ ಮೊದಲೇ, ಬೆಲೆಯನ್ನು ಒಂದು ಅಳತೆಗೆ ಹೊಂದಿಸುವ ನಾರ್ಮಲೈಸೇಷನ್ ಹೆಜ್ಜೆಯಲ್ಲೇ ತೀರ್ಮಾನವಾಗಿರುತ್ತದೆ.

ಸೂತ್ರ ಬಂದ ದಾರಿ

ಹೆಸರಿನಲ್ಲಿರುವ ಫಿಶರ್ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. ನಮ್ಮ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡಿದ್ದು ಇವರ ಮಾರ್ಗದರ್ಶನದಲ್ಲೇ. ಫಿಶರ್‌ಗೆ ಷೇರು ಬೆಲೆಯ ಚಿಂತೆ ಇರಲಿಲ್ಲ. ಎರಡು ಸಂಗತಿಗಳ ನಡುವಿನ ಸಹಸಂಬಂಧವನ್ನು ಅಳೆಯುವ ಸಂಖ್ಯೆ ಸದಾ −1 ಮತ್ತು +1ರ ನಡುವೆ ಇರುತ್ತದೆ. ಅದು ಅಂಚಿಗೆ ಹತ್ತಿರವಾದಂತೆ, ಸಣ್ಣ ಮಾದರಿಗಳಿಂದ ಬರುವ ಅಂದಾಜುಗಳು ಒಂದೇ ಬದಿಗೆ ವಾಲಿಕೊಳ್ಳುತ್ತವೆ. ಮುಂದೆ ಹೋಗಲು ಜಾಗವಿಲ್ಲದೆ ಎಲ್ಲವೂ ಅಂಚಿನ ಬಳಿ ಒತ್ತೊತ್ತಾಗುತ್ತವೆ. ಫಿಶರ್ 1915 ಮತ್ತು 1921ರ ಪ್ರಬಂಧಗಳಲ್ಲಿ ಆ ಅಂಚುಗಳನ್ನು ಲಾಗರಿದಮ್ಮಿನಿಂದ ಹಿಗ್ಗಿಸಿ, ಅಂದಾಜುಗಳ ಹರಡುವಿಕೆಯನ್ನು ಹೆಚ್ಚುಕಡಿಮೆ ಗಂಟೆಯಾಕಾರಕ್ಕೆ ತರುವ ದಾರಿ ತೋರಿಸಿದರು.

ಇದನ್ನು ಬೆಲೆಗೆ ತಂದವರು ಅಮೆರಿಕದ ಎಂಜಿನಿಯರ್ ಜಾನ್ ಎಹ್ಲರ್ಸ್. ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಪಳಗಿದ ಅವರು 2002ರಲ್ಲಿ ತಾಂತ್ರಿಕ ವಿಶ್ಲೇಷಣೆಯ ಪತ್ರಿಕೆಯೊಂದರಲ್ಲಿ ಈ ವಿಧಾನವನ್ನು ಬರೆದರು. ಅವರ ವಾದ ಹೀಗಿತ್ತು: ಬೆಲೆ ಒಂದು ಪಟ್ಟಿಯೊಳಗೆ ಅಲೆಯಂತೆ ಏರಿಳಿಯುವಾಗ ಹೆಚ್ಚು ಹೊತ್ತು ಮೇಲಂಚಿನ ಅಥವಾ ಕೆಳಂಚಿನ ಬಳಿಯೇ ಇರುತ್ತದೆ, ನಡುವಿನ ಜಾಗವನ್ನು ಬೇಗ ದಾಟಿಬಿಡುತ್ತದೆ. ಹಾಗಾಗಿ ‘ಬೆಲೆ ಅಂಚಿನಲ್ಲಿದೆ’ ಎಂಬುದು ಅಪರೂಪದ ಸುದ್ದಿಯಲ್ಲ. ಫಿಶರ್ ಸೂತ್ರ ಹಾಕಿದರೆ ಹರಡುವಿಕೆ ಗಂಟೆಯಾಕಾರಕ್ಕೆ ಹತ್ತಿರವಾಗುತ್ತದೆ, ತೀರಾ ದೊಡ್ಡ ಮೌಲ್ಯಗಳು ಅಪರೂಪವಾಗುತ್ತವೆ. ಅಂಥ ಮೌಲ್ಯ ಕಂಡಾಗ ತಿರುವು ಹತ್ತಿರವಿದೆ ಎನ್ನಬಹುದು.

ಮೊದಲ ಹೆಜ್ಜೆ: ಬೆಲೆಗೊಂದು ಅಳತೆ

ಫಿಶರ್ ಸೂತ್ರಕ್ಕೆ ₹440 ಎಂಬ ಬೆಲೆಯನ್ನು ನೇರವಾಗಿ ಕೊಡಲಾಗದು. −1 ಮತ್ತು +1ರ ಆಚೆಗಿನ ಸಂಖ್ಯೆ ಕೊಟ್ಟರೆ ಲಾಗರಿದಮ್ಮಿನೊಳಗೆ ಋಣಸಂಖ್ಯೆ ಬಂದು ಲೆಕ್ಕ ನಿಂತುಹೋಗುತ್ತದೆ. ಆದ್ದರಿಂದ ಬೆಲೆಯನ್ನು ಮೊದಲು ಆ ಎರಡು ಅಂಚುಗಳ ನಡುವೆ ಕೂರಿಸಬೇಕು.

ಅದಕ್ಕೆ ಕಳೆದ 10 ದಿನಗಳನ್ನು, ಇಂದಿನದನ್ನೂ ಸೇರಿಸಿ, ತೆಗೆದುಕೊಳ್ಳುತ್ತಾರೆ. ಅವುಗಳಲ್ಲಿ ಅತಿ ಹೆಚ್ಚಿನ ಬೆಲೆ ಯಾವುದು, ಅತಿ ಕಡಿಮೆ ಯಾವುದು ಎಂದು ನೋಡಿ, ಆ ಎರಡರ ನಡುವೆ ಇಂದಿನ ಬೆಲೆ ಎಲ್ಲಿದೆ ಎಂದು ಅಳೆಯುತ್ತಾರೆ. ಒಂದು ಷೇರು 10 ದಿನಗಳಲ್ಲಿ ₹400ರಿಂದ ₹450ರ ನಡುವೆ ಆಡಿದೆ, ಇಂದು ₹440ರಲ್ಲಿದೆ ಎನ್ನಿ. ತಳದಿಂದ 40 ರೂಪಾಯಿ ಮೇಲಿದೆ, ಒಟ್ಟು ಅಂತರ 50 ರೂಪಾಯಿ. 40 ಭಾಗಿಸು 50 ಎಂದರೆ 0.8. ಇದು 0ಯಿಂದ 1ರವರೆಗಿನ ಅಳತೆ. ಅದರಿಂದ 0.5 ಕಳೆದು 2ರಿಂದ ಗುಣಿಸಿದರೆ 0.6. ಈಗ −1 ಎಂದರೆ 10 ದಿನಗಳ ತಳ, +1 ಎಂದರೆ ಶಿಖರ, 0 ಎಂದರೆ ನಟ್ಟನಡುವೆ. ₹100ರ ಷೇರಿಗೂ ₹1 ಲಕ್ಷದ ಷೇರಿಗೂ ಇದೇ ಅಳತೆ.

ಹೀಗೆ ಬಂದ ಸಂಖ್ಯೆ ದಿನದಿಂದ ದಿನಕ್ಕೆ ಬಹಳ ಜಿಗಿಯುತ್ತದೆ. ಅದನ್ನು ತಣಿಸಲು ಎಹ್ಲರ್ಸ್ ಇಂದಿನ ಮೌಲ್ಯದ ಶೇ 33ನ್ನೂ ನಿನ್ನೆಯವರೆಗಿನ ಮೌಲ್ಯದ ಶೇ 67ನ್ನೂ ಕೂಡಿಸಿದರು. ಆಮೇಲೆ ಫಿಶರ್ ಸೂತ್ರ. ಕೊನೆಗೆ ನಿನ್ನೆಯ ಫಿಶರ್ ಮೌಲ್ಯದ ಅರ್ಧವನ್ನು ಸೇರಿಸುವ ಇನ್ನೊಂದು ಹೆಜ್ಜೆ. ಎಲ್ಲವೂ ಸೇರಿ ಐದಾರು ಸಾಲು:

```
x = 2 * ((price - lo) / (hi - lo) - 0.5)
v = 0.33 * x + 0.67 * v_prev
if v > 0.99: v = 0.999
if v < -0.99: v = -0.999
fish = 0.5 * log((1 + v) / (1 - v)) + 0.5 * fish_prev
```

ಇಲ್ಲಿ `hi`, `lo` ಎಂದರೆ 10 ದಿನಗಳ ಶಿಖರ ಮತ್ತು ತಳ. ಹಸಿ ಅಳತೆ `x`, ತಣಿಸಿದ ಅಳತೆ `v`. ಎಹ್ಲರ್ಸ್ ಬೆಲೆಗೆ ದಿನದ ಗರಿಷ್ಠ ಮತ್ತು ಕನಿಷ್ಠದ ಸರಾಸರಿಯನ್ನು ಬಳಸಿದ್ದರು. ಮುಕ್ತಾಯ ಬೆಲೆ ಹಾಕಿದರೂ ಲೆಕ್ಕದ ಸ್ವರೂಪ ಅದೇ.

ಲಾಗರಿದಮ್ ಮಾಡುವುದೇನು?

ನಡುವಿನ ಜಾಗದಲ್ಲಿ ಲಾಗರಿದಮ್ ಹೆಚ್ಚೇನೂ ಮಾಡುವುದಿಲ್ಲ. `v` 0ಯಿಂದ 0.10ಕ್ಕೆ ಹೋದರೆ ಫಲಿತಾಂಶವೂ 0ಯಿಂದ 0.10ಕ್ಕೆ ಹೋಗುತ್ತದೆ. ಅಂಚಿನ ಬಳಿ ಮಾತು ಬೇರೆ. 0.80ರಿಂದ 0.90ಕ್ಕೆ ಹೋದರೆ ಫಲಿತಾಂಶ 1.10ರಿಂದ 1.47ಕ್ಕೆ ಏರುತ್ತದೆ. 0.90ರಿಂದ 0.99ಕ್ಕೆ ಹೋದರೆ 1.47ರಿಂದ 2.65ಕ್ಕೆ ಜಿಗಿಯುತ್ತದೆ. ಅಂಚಿಗೆ ಸರಿದಷ್ಟೂ ಹಿಗ್ಗು ಹೆಚ್ಚು.

ಶಾಲೆಯ ಗೋಡೆಯ ಮೇಲಿನ ಮರ್ಕೇಟರ್ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವುದೂ ಇದೇ ಹಿಗ್ಗಿನಿಂದ. ಆಫ್ರಿಕಾ ನಿಜದಲ್ಲಿ ಅದರ ಸುಮಾರು 14 ಪಟ್ಟು ದೊಡ್ಡದು, ಆದರೆ ಭೂಪಟ ಧ್ರುವಗಳ ಕಡೆಗೆ ಹೋದಂತೆ ನೆಲವನ್ನು ಎಳೆದು ಹಿಗ್ಗಿಸುತ್ತದೆ. ಬೆಲೆ ಶುದ್ಧ ಸೈನ್ ಅಲೆಯಂತೆ ಏರಿಳಿಯುತ್ತದೆ ಎಂದುಕೊಂಡರೆ ಫಿಶರ್ ಸೂತ್ರವೂ ಮರ್ಕೇಟರ್ ಸೂತ್ರವೂ ಗಣಿತದಲ್ಲಿ ಒಂದೇ ಆಗಿಬಿಡುತ್ತವೆ. ಭೂಪಟ ಎಷ್ಟೇ ಹಿಗ್ಗಿಸಿದರೂ ಉತ್ತರದಲ್ಲಿದ್ದ ಊರು ದಕ್ಷಿಣಕ್ಕೆ ಬರುವುದಿಲ್ಲ. ಫಿಶರ್ ಸೂತ್ರವೂ ಹಾಗೆಯೇ: ನಿನ್ನೆಗಿಂತ ಇಂದು `v` ಹೆಚ್ಚಿದ್ದರೆ ಅದರ ಲಾಗರಿದಮ್ ಮೌಲ್ಯವೂ ಹೆಚ್ಚೇ, ಕಡಿಮೆಯಿದ್ದರೆ ಕಡಿಮೆಯೇ.

ಇದರಿಂದ ಹೊರಡುವ ಮಾತು ದೊಡ್ಡದು. ಲಾಗರಿದಮ್ ತಿರುವಿನ ದಿನವನ್ನು ಒಂದು ದಿನವೂ ಹಿಂದೆ ಮುಂದೆ ಮಾಡಲಾರದು. ತಿರುವು ಇಂದು ಎಂದು `v` ಹೇಳಿದರೆ ಲಾಗರಿದಮ್ಮೂ ಇಂದೇ ಎನ್ನುತ್ತದೆ, ದನಿಯಷ್ಟೇ ಜೋರು. ಆ ದನಿ ಕಣ್ಣಿಗೆ ಅನುಕೂಲ ಮಾಡಿಕೊಡುತ್ತದೆ ನಿಜ. ಆದರೆ ಮಾಹಿತಿ ಪೂರ್ತಿ ಬಂದದ್ದು `x` ಮತ್ತು `v`ಯಿಂದ. ಆಮೇಲೆ ಕೊನೆಯ ಸಾಲಿನಲ್ಲಿ ಸೇರಿಸುವ ನಿನ್ನೆಯ ಅರ್ಧ ಪಾಲು ಮಾತ್ರ ದಿನವನ್ನು ಬದಲಿಸಬಲ್ಲದು. ಹೇಗೆ ಎಂಬುದು ಒಂದು ನಿಜ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ.

2020ರ ಮಾರ್ಚ್, ನಿಫ್ಟಿ

ಕೊರೊನಾ ಭಯದಲ್ಲಿ ನಿಫ್ಟಿ ಕುಸಿದ ಆ ವಾರಗಳ ಮುಕ್ತಾಯ ಅಂಕಿಗಳನ್ನು ಮೇಲಿನ ಸೂತ್ರಕ್ಕೆ ಹಾಕೋಣ. ಮಾರ್ಚ್ ಆರಂಭಕ್ಕೆ `v` −0.8, ಫಿಶರ್ −2 ಎಂಬ ಅಂದಾಜು ಇಟ್ಟು ಲೆಕ್ಕ ಶುರು ಮಾಡಿದ್ದೇನೆ. ತಿಂಗಳ ಮಧ್ಯದ ಹೊತ್ತಿಗೆ ಆ ಅಂದಾಜಿನ ಪ್ರಭಾವ ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿರುತ್ತದೆ.

| ದಿನ | ಮುಕ್ತಾಯ | `x` | `v` | ಫಿಶರ್ |
|---|---|---|---|---|
| ಮಾರ್ಚ್ 18 | 8,468.80 | −1.00 | −0.95 | −3.29 |
| ಮಾರ್ಚ್ 19 | 8,263.45 | −1.00 | −0.96 | −3.65 |
| ಮಾರ್ಚ್ 20 | 8,745.45 | −0.65 | −0.86 | −3.11 |
| ಮಾರ್ಚ್ 23 | 7,610.25 | −1.00 | −0.91 | −3.06 |
| ಮಾರ್ಚ್ 24 | 7,801.05 | −0.87 | −0.89 | −2.97 |
| ಮಾರ್ಚ್ 25 | 8,317.85 | −0.40 | −0.73 | −2.41 |

ಮೊದಲು ಮಾರ್ಚ್ 20ರ ಶುಕ್ರವಾರ ನೋಡಿ. ಅಂದು ನಿಫ್ಟಿ 482 ಅಂಕ ಚೇತರಿಸಿಕೊಂಡಿತು. 10 ದಿನಗಳ ಶಿಖರ 10,989.45, ತಳ ಹಿಂದಿನ ದಿನದ 8,263.45, ಅಂತರ 2,726. ಅದರಲ್ಲಿ 482 ಎಂದರೆ ಸುಮಾರು 0.177. `x` −0.65ಕ್ಕೆ ಏರಿತು. ಫಿಶರ್ ಗೆರೆ −3.65ರಿಂದ −3.11ಕ್ಕೆ ತಿರುಗಿ ಟ್ರಿಗರನ್ನು ದಾಟಿತು. ಚಾರ್ಟಿನಲ್ಲಿ ಚೂಪಾದ ತಳ, ಸ್ಪಷ್ಟವಾದ ಖರೀದಿ ಸೂಚನೆ.

ಮುಂದಿನ ವಹಿವಾಟಿನ ದಿನ ಸೋಮವಾರ, ಮಾರ್ಚ್ 23. ಬೆಳಿಗ್ಗೆಯೇ ಶೇ 10ರ ಲೋಯರ್ ಸರ್ಕ್ಯೂಟ್ ಮುಟ್ಟಿ ವಹಿವಾಟು 45 ನಿಮಿಷ ನಿಂತಿತು. ದಿನದ ಕೊನೆಗೆ ನಿಫ್ಟಿ 1,135.20 ಅಂಕ, ಅಂದರೆ ಸುಮಾರು ಶೇ 13ರಷ್ಟು ಕುಸಿದಿತ್ತು. ಆ ಇಡೀ ಕುಸಿತದ ಅತಿ ಕೆಳಗಿನ ಮುಕ್ತಾಯ ಇದೇ. ಅಂದು ಫಿಶರ್ ಗೆರೆ ಏನು ಮಾಡಿತು? −3.11ರಿಂದ −3.06ಕ್ಕೆ ಏರಿತು. ಖರೀದಿ ಸೂಚನೆ ಹಾಗೆಯೇ ಉಳಿಯಿತು. ಮಾರುಕಟ್ಟೆ ಶೇ 13 ಕುಸಿದ ದಿನ ಇಂಡಿಕೇಟರ್ ಮೇಲಕ್ಕೆ ಮುಖ ಮಾಡಿತ್ತು.

ಇದು ಆ್ಯಪಿನ ದೋಷವಲ್ಲ, ಲೆಕ್ಕದಲ್ಲಿ ತಪ್ಪೂ ಇಲ್ಲ. ಕಾರಣ ಎರಡು. ಮಾರ್ಚ್ 19ರ ಸಾಲು ನೋಡಿ: ಅಂದು ನಿಫ್ಟಿ ಇಳಿದದ್ದು 205 ಅಂಕ, `x` −1. ಮಾರ್ಚ್ 23ರಂದು ಇಳಿದದ್ದು 1,135 ಅಂಕ, ಆಗಲೂ `x` −1. ಇಂದಿನ ಬೆಲೆಯೇ 10 ದಿನಗಳ ತಳವಾದರೆ, ಅದು ಹಿಂದಿನ ತಳಕ್ಕಿಂತ ಒಂದು ಅಂಕ ಕೆಳಗಿದ್ದರೂ ಸಾವಿರ ಅಂಕ ಕೆಳಗಿದ್ದರೂ ಬರುವ ಉತ್ತರ ಒಂದೇ. ನಾರ್ಮಲೈಸೇಷನ್ ಬೆಲೆಯ ಸ್ಥಾನವನ್ನು ಇಟ್ಟುಕೊಂಡು ಹೊಡೆತದ ಗಾತ್ರವನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದನ್ನು ಮುಂದಿನ ಯಾವ ಸೂತ್ರವೂ ಮರಳಿ ತರಲಾರದು.

ಎರಡನೆಯದು ಕೊನೆಯ ಸಾಲಿನ ನಿನ್ನೆಯ ಅರ್ಧ ಪಾಲು. ಆ ಪಾಲನ್ನು ಬಿಟ್ಟು ಲಾಗರಿದಮ್ ಮೌಲ್ಯವನ್ನಷ್ಟೇ ನೋಡಿದರೆ ಮಾರ್ಚ್ 20ಕ್ಕೆ −1.29, 23ಕ್ಕೆ −1.50, 24ಕ್ಕೆ −1.44 ಬರುತ್ತದೆ. ಅಂದರೆ ಸೋಮವಾರ ಗೆರೆ ಕೆಳಕ್ಕೆ ತಿರುಗಿ, ಮಂಗಳವಾರ ಮೇಲಕ್ಕೆ ತಿರುಗಿತ್ತು. ಮುಕ್ತಾಯ ಬೆಲೆಯ ತಿರುವು ನಡೆದದ್ದೂ ಹಾಗೆಯೇ. ನಿನ್ನೆಯ ಅರ್ಧ ಸೇರಿದಾಗ ಫಿಶರ್ ಗೆರೆ ಸೋಮವಾರ ಇಳಿಯಬೇಕಾದರೆ ಲಾಗರಿದಮ್ ಮೌಲ್ಯ −1.56ಕ್ಕಿಂತ ಕೆಳಗಿರಬೇಕಿತ್ತು. `x` −1ರಲ್ಲೇ ತಡೆದು ನಿಂತದ್ದರಿಂದ ಅದು −1.50 ದಾಟಲಿಲ್ಲ. ಗೆರೆ ನುಣುಪಾಗಲು ಸೇರಿಸಿದ ಪಾಲು ನಿಜವಾದ ತಳವನ್ನು ಮುಚ್ಚಿಹಾಕಿ, ಎರಡು ವಹಿವಾಟು ದಿನ ಹಿಂದಿನ ತಳವನ್ನು ಚೂಪಾಗಿ ತೋರಿಸಿತು.

ಬೆಲೆ ಹೊಸ ತಳ ಕಂಡರೂ ಇಂಡಿಕೇಟರ್ ಹೊಸ ತಳ ಕಾಣದಿದ್ದರೆ ಚಾರ್ಟ್ ಓದುವವರು ಅದನ್ನು ಡೈವರ್ಜೆನ್ಸ್ ಎಂದು ಕರೆದು ಏರಿಕೆಯ ಸುಳಿವು ಎನ್ನುತ್ತಾರೆ. ಇಲ್ಲಿಯೂ ಆಮೇಲೆ ಬೆಲೆ ಏರಿತು. ಆದರೆ ಮಾರಾಟದ ಒತ್ತಡ ಕುಂದಿತು ಎಂಬ ಅರ್ಥವನ್ನು ಮಾರ್ಚ್ 23ರ ಅಂಕಿಗೆ ಹಚ್ಚಲು ಬರುವುದಿಲ್ಲ. ಒತ್ತಡ ಅತಿ ಹೆಚ್ಚಿದ್ದ ದಿನವೇ ಅದು. ಆ ಡೈವರ್ಜೆನ್ಸ್ ಹುಟ್ಟಿದ್ದು ಶುಕ್ರವಾರದ ಚೇತರಿಕೆ `v`ಯಲ್ಲಿ ಉಳಿಸಿಹೋದ ಪಾಲಿನಿಂದ.

ಎಹ್ಲರ್ಸ್ ವಾದದ ಮಿತಿಯೂ ಇದೇ ಲೆಕ್ಕದಲ್ಲಿ ಕಾಣುತ್ತದೆ. ಮಾರ್ಚ್ 9ರಿಂದ 25ರವರೆಗಿನ 12 ವಹಿವಾಟು ದಿನಗಳಲ್ಲೂ ಫಿಶರ್ ಮೌಲ್ಯ −2ಕ್ಕಿಂತ ಕೆಳಗೇ ಇತ್ತು. ನಿಫ್ಟಿ ಆ ಅವಧಿಯಲ್ಲಿ 10,451ರಿಂದ 8,318ಕ್ಕೆ ಬಂತು. ಬೆಲೆ ಪಟ್ಟಿಯೊಳಗೆ ಅಲೆಯಂತೆ ಆಡುವಾಗ ದೊಡ್ಡ ಫಿಶರ್ ಮೌಲ್ಯ ಅಪರೂಪವಿರಬಹುದು. ಒಂದೇ ದಿಕ್ಕಿಗೆ ಜಾರುವಾಗ ಅದು ದಿನನಿತ್ಯದ ಸಂಗತಿ. ಮಾರ್ಚ್ 13ರಂದೂ ಗೆರೆ ಹೀಗೆಯೇ ಮೇಲಕ್ಕೆ ತಿರುಗಿತ್ತು. ಅಂದಿನ ಮುಕ್ತಾಯ 9,955.20. ಆ ಸೂಚನೆ ನಿಲ್ಲಲಿಲ್ಲ.

ಬೆಲೆ ಏರದೆಯೂ ಏರುವ ಅಳತೆ

ಅದೇ ತಿಂಗಳ ಕೊನೆಯಲ್ಲಿ ನಾರ್ಮಲೈಸೇಷನ್ನಿನ ಇನ್ನೊಂದು ಗುಣ ಹೊರಬೀಳುತ್ತದೆ. ಮಾರ್ಚ್ 27ರಂದು ನಿಫ್ಟಿ 8,660.25ಕ್ಕೆ ಮುಗಿಯಿತು, `x` 0.32. ಮಾರ್ಚ್ 31ರಂದು 8,597.75ಕ್ಕೆ ಮುಗಿಯಿತು, `x` 0.74. ಬೆಲೆ 62.50 ಅಂಕ ಕೆಳಗಿದೆ, ಅಳತೆ ಮಾತ್ರ ಎರಡು ಪಟ್ಟಿಗೂ ಮೀರಿ ಏರಿದೆ.

ಏರಿದ್ದು ಬೆಲೆಯಲ್ಲ, ಇಳಿದದ್ದು ಛಾವಣಿ. ಮಾರ್ಚ್ 27ರ ಲೆಕ್ಕದಲ್ಲಿ 10 ದಿನಗಳ ಶಿಖರ ಮಾರ್ಚ್ 16ರ 9,197.40 ಆಗಿತ್ತು. 31ರ ಹೊತ್ತಿಗೆ 16 ಮತ್ತು 17ನೇ ತಾರೀಖು ಎರಡೂ ಹತ್ತು ದಿನಗಳ ಲೆಕ್ಕದಿಂದ ಹೊರಗೆ ಬಿದ್ದು, ಶಿಖರ 8,745.45ಕ್ಕೆ ಇಳಿದಿತ್ತು. ತಳ ಅದೇ 7,610.25. ಛಾವಣಿ ತಗ್ಗಿದ್ದರಿಂದ ಅದೇ ಎತ್ತರದ ಬೆಲೆ ಛಾವಣಿಗೆ ಹತ್ತಿರವಾಗಿ ಕಂಡಿತು. ಹತ್ತು ದಿನ ಹಿಂದೆ ನಡೆದ ವಹಿವಾಟೊಂದು ಇಂದಿನ ಸೂಚನೆಯನ್ನು ಹೀಗೆ ಬದಲಿಸುತ್ತದೆ. ದೊಡ್ಡ ಏರಿಳಿತದ ನಂತರದ ಎರಡು ವಾರ ಇದು ಮತ್ತೆ ಮತ್ತೆ ಆಗುತ್ತದೆ. ದಿನಗಳನ್ನು 10ರಿಂದ 20ಕ್ಕೆ ಹೆಚ್ಚಿಸಿದರೆ ಈ ಜಿಗಿತ ತಡವಾಗಿ ಬರುತ್ತದೆಯೇ ಹೊರತು ಹೋಗುವುದಿಲ್ಲ.

ಸ್ವಂತ ಪ್ರೋಗ್ರಾಂ ಬರೆಯುವವರು ಇನ್ನೆರಡು ಕಡೆ ಎಚ್ಚರ ವಹಿಸಬೇಕು. ವಹಿವಾಟು ತೀರಾ ವಿರಳವಾಗಿರುವ ಷೇರಿನಲ್ಲಿ ಬೆಲೆ 10 ದಿನವೂ ಕದಲದೆ ಶಿಖರ ಮತ್ತು ತಳ ಒಂದೇ ಆಗಿಬಿಡಬಹುದು. ಆಗ ಸೊನ್ನೆಯಿಂದ ಭಾಗಿಸಿದಂತಾಗಿ ಲೆಕ್ಕ ಮುರಿಯುತ್ತದೆ. ಅಂಥ ದಿನ `x` ಅನ್ನು 0 ಎಂದು ಇಡುವುದು ಸುರಕ್ಷಿತ. ಇನ್ನೊಂದು, 0.99 ದಾಟಿದ ಕೂಡಲೇ `v`ಯನ್ನು 0.999 ಮಾಡುವ ಸಾಲು. 0.99ಕ್ಕೆ ಲಾಗರಿದಮ್ ಮೌಲ್ಯ 2.65, 0.999ಕ್ಕೆ 3.80. ಬೆಲೆ ಹೆಚ್ಚುಕಡಿಮೆ ಇದ್ದಲ್ಲೇ ಇದ್ದರೂ ಗೆರೆ 1.15ರಷ್ಟು ನೆಗೆಯುತ್ತದೆ. ದೀರ್ಘ ಏರಿಕೆಯ ಕೊನೆಯಲ್ಲಿ ಕಾಣುವ ಕೆಲವು ಅಂದವಾದ ಮೊನೆಗಳು ಈ ಒಂದು ಸಾಲಿನ ಫಲ.

ಗೆರೆಯನ್ನು ಓದುವ ಬಗೆ

ಹಾಗಾದರೆ ಫಿಶರ್ ಟ್ರಾನ್ಸ್‌ಫಾರ್ಮ್ ಬಿಟ್ಟುಬಿಡಬೇಕೆ? ಬೇಕಿಲ್ಲ. ವಾರಗಟ್ಟಲೆ ಒಂದೇ ಪಟ್ಟಿಯಲ್ಲಿ ಏರಿಳಿಯುವ ಷೇರಿನಲ್ಲಿ ಅದು ಮಾಡಬೇಕಾದ ಕೆಲಸವನ್ನು ಮಾಡುತ್ತದೆ, ದುಂಡಗಿನ ತಿರುವನ್ನು ಕಣ್ಣಿಗೆ ಬೀಳುವಂತೆ ಮಾಡುತ್ತದೆ. ಬೆಲೆ ಪಟ್ಟಿಯೊಳಗಿದೆಯೋ ಒಂದೇ ದಿಕ್ಕಿಗೆ ಜಾರುತ್ತಿದೆಯೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಅದಕ್ಕೆ ಫಿಶರ್ ಗೆರೆಯ ಕೆಳಗೆ ಹಸಿ `x` ಅನ್ನೂ ಎಳೆದುಕೊಳ್ಳುವುದು ಒಳ್ಳೆಯದು. ಅದು −1 ಅಥವಾ +1ಕ್ಕೆ ದಿನದಿಂದ ದಿನಕ್ಕೆ ಅಂಟಿಕೊಂಡಿದ್ದರೆ ಬೆಲೆ ಜಾರುತ್ತಿದೆ ಎಂದರ್ಥ, ಅಲ್ಲಿ ಕಾಣುವ ಚೂಪು ತುದಿಗಳನ್ನು ನಂಬಬಾರದು. `x` ಎರಡು ಅಂಚುಗಳ ನಡುವೆ ಓಡಾಡುತ್ತಿದ್ದರೆ ತುದಿಗೆ ಬೆಲೆ ಇದೆ.

ಸೂಚನೆ ಬಂದ ದಿನ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಕದಲಿದ್ದು ಬೆಲೆಯೋ, 10 ದಿನಗಳ ಶಿಖರ ಅಥವಾ ತಳವೋ? `hi` ಮತ್ತು `lo` ಮೌಲ್ಯಗಳನ್ನು ನಿನ್ನೆಯವುಗಳೊಡನೆ ಹೋಲಿಸಿದರೆ ಉತ್ತರ ಸಿಗುತ್ತದೆ. ಇನ್ನು ನಾರ್ಮಲೈಸೇಷನ್ ಬಿಟ್ಟುಬಿಟ್ಟ ಗಾತ್ರವನ್ನು ಬೇರೆಯದೇ ಅಳತೆಯಿಂದ ತರಬೇಕು. ದಿನಕ್ಕೆ ಸರಾಸರಿ ಎಷ್ಟು ಅಂಕದ ಏರಿಳಿತವಾಗುತ್ತಿದೆ ಎಂದು ಹೇಳುವ ಎಟಿಆರ್ ಅದಕ್ಕೆ ಸಾಕು. ಸ್ಟಾಪ್ ಲಾಸ್ ಎಷ್ಟು ದೂರ ಇಡಬೇಕು, ಎಷ್ಟು ಷೇರು ಕೊಳ್ಳಬೇಕು ಎಂಬುದನ್ನು ಆ ಅಂಕದಿಂದ ತೀರ್ಮಾನಿಸಬೇಕು, ಫಿಶರ್ ಗೆರೆಯ ಎತ್ತರದಿಂದಲ್ಲ. ಆ ಎತ್ತರ ಹೇಳುವುದು ಇಷ್ಟೇ: ಹತ್ತು ದಿನಗಳ ಪಟ್ಟಿಯಲ್ಲಿ ಬೆಲೆ ಅಂಚಿಗೆ ಎಷ್ಟು ಹತ್ತಿರವಿತ್ತು, ಎಷ್ಟು ದಿನದಿಂದ ಅಲ್ಲಿತ್ತು. ಮುಂದೆ ಎಷ್ಟು ದೂರ ಹೋದೀತು ಎಂಬ ಸಂಗತಿ ಸೂತ್ರದ ಮೊದಲ ಸಾಲಿನಲ್ಲೇ ಬಿಟ್ಟುಹೋಗಿದೆ.